ಒಂದೇ ‘ವುದು’, ಎರಡು ಕೆಲಸ

ಕಳೆದ ಮಳೆಗಾಲದಲ್ಲಿ ಗದಗ ತಾಲೂಕಿನ ಒಂದು ಹಳ್ಳಿಯಿಂದ ಸ್ವಸಹಾಯ ಸಂಘದ ಮೂವರು ಹೆಣ್ಣುಮಕ್ಕಳು ನಮ್ಮ ಮುದ್ರಣಾಲಯಕ್ಕೆ ಬಂದಿದ್ದರು. ಸಂಘದ ನಿಯಮಗಳನ್ನು ಒಂದು ಹಾಳೆಯಲ್ಲಿ ಡಿಟಿಪಿ ಮಾಡಿ ಇಪ್ಪತ್ತೈದು ಪ್ರತಿ ಕೊಡಬೇಕಾಗಿತ್ತು. ಒಂದಕ್ಕೆ ಲ್ಯಾಮಿನೇಷನ್ ಮಾಡಿಸಿ ಸಭೆ ಕೂಡುವ ಮನೆಯ ಗೋಡೆಗೆ ತೂಗುಹಾಕುವವರಿದ್ದರು. ನೋಟುಬುಕ್ಕಿನ ಹಾಳೆಯಲ್ಲಿ ಬರೆದು ತಂದಿದ್ದನ್ನು ನಾನೇ ತಿದ್ದಿದೆ. ಗದಗ-ಬೆಟಗೇರಿಯಲ್ಲಿ ಮುದ್ರಣದ ಕೆಲಸಕ್ಕೆ ಬರವಿಲ್ಲ, ಕರಡು ತಿದ್ದುತ್ತಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಆದರೂ ಆ ಒಂದು ಹಾಳೆಯಲ್ಲಿ ನಾನು ಮಾಡಿದ ತಪ್ಪು ಬೇರೆ ಯಾವ ಪುಸ್ತಕದಲ್ಲೂ ಮಾಡಿದ್ದಿಲ್ಲ. ಪಟ್ಟಿ ಬರೆಯುವವರೂ ತಿದ್ದುವವರೂ ಅದನ್ನು ತಿಳಿದಿರಬೇಕು ಎಂದು ಇಲ್ಲಿ ಬರೆಯುತ್ತಿದ್ದೇನೆ.

ಅವರು ತಂದ ಹಾಳೆಯಲ್ಲಿ ‘ಖಜಾಂಚಿಯ ಹೊಣೆಗಳು’ ಎಂಬ ತಲೆಬರಹದ ಕೆಳಗೆ ಹೀಗಿತ್ತು:

1. ಪ್ರತಿ ಸಭೆಯಲ್ಲಿ ಉಳಿತಾಯದ ಹಣ ಸಂಗ್ರಹಿಸುವುದು.
2. ರಸೀದಿ ಪುಸ್ತಕದ ನಿರ್ವಹಣೆ.
3. ಸಾಲದ ಕಂತನ್ನು ಪ್ರತಿ ತಿಂಗಳ 5ನೇ ತಾರೀಖಿನೊಳಗೆ ಕಟ್ಟುವುದು.
4. ಪಾಸ್‌ಬುಕ್ಕಿನಲ್ಲಿ ನಮೂದು ಮಾಡಿಸಿ.
5. ಕಂತು ತಡವಾದರೆ 10 ರೂಪಾಯಿ ದಂಡ ವಿಧಿಸಲಾಗುತ್ತದೆ.

ಐದು ಸಾಲು, ನಾಲ್ಕು ರೂಪ. ಒಂದು ಮತ್ತು ಮೂರು ‘ವುದು’ ಎಂದು ಮುಗಿಯುತ್ತವೆ. ಎರಡನೆಯದು ‘ನಿರ್ವಹಣೆ’ ಎಂಬ ನಾಮಪದ. ನಾಲ್ಕನೆಯದು ಎದುರಿಗಿರುವವರಿಗೆ ಕೊಟ್ಟ ಆಜ್ಞೆ. ಐದನೆಯದು ಪೂರ್ಣ ವಾಕ್ಯ, ಅದೂ ಕರ್ಮಣಿ ಪ್ರಯೋಗ. ಪಟ್ಟಿಯ ಎಲ್ಲ ಸಾಲುಗಳಿಗೂ ಒಂದೇ ವ್ಯಾಕರಣರೂಪ ಇರಬೇಕು ಎಂಬುದು ನಮ್ಮ ಕೆಲಸದ ಮೊದಲ ಪಾಠಗಳಲ್ಲೊಂದು. ನಾನು ಪೆನ್ನು ತೆಗೆದು ‘ನಿರ್ವಹಣೆ’ಯನ್ನು ‘ನಿರ್ವಹಿಸುವುದು’ ಮಾಡಿದೆ, ‘ಮಾಡಿಸಿ’ಯನ್ನು ‘ಮಾಡಿಸುವುದು’ ಮಾಡಿದೆ, ‘ವಿಧಿಸಲಾಗುತ್ತದೆ’ಯನ್ನು ‘ವಿಧಿಸುವುದು’ ಮಾಡಿದೆ. ಐದೂ ಸಾಲುಗಳು ‘ವುದು’ ಎಂದು ಮುಗಿದವು. ಕಣ್ಣಿಗೆ ಚೆನ್ನಾಗಿ ಕಂಡಿತು. ಅಚ್ಚು ಹಾಕಿ ಕೊಟ್ಟೆವು.

ದಸರೆ ಕಳೆದ ಮೇಲೆ ಅದೇ ಖಜಾಂಚಿ ಅಕ್ಕ ಒಬ್ಬರೇ ಬಂದರು. ಮುಖದಲ್ಲಿ ನಗುವಿರಲಿಲ್ಲ. “ತಮ್ಮಾ, ಈ ಹಾಳೆಯಿಂದ ಸಂಘದಲ್ಲಿ ನನಗೆ ಮಾತು ಬಂತು” ಎಂದರು. ಒಬ್ಬ ಸದಸ್ಯೆ ಎರಡು ತಿಂಗಳ ಕಂತು ಕೊಟ್ಟಿರಲಿಲ್ಲ. ಕೇಳಲು ಹೋದರೆ ಗೋಡೆಯ ಹಾಳೆಯನ್ನೇ ತೋರಿಸಿ, “ಕಂತು ಕಟ್ಟುವುದು ಖಜಾಂಚಿಯ ಹೊಣೆ ಎಂದು ಅಚ್ಚಾಗಿದೆಯಲ್ಲ” ಎಂದಳಂತೆ. ಬ್ಯಾಂಕಿಗೆ ತಡವಾಗಬಾರದೆಂದು ಈ ಅಕ್ಕ ಕೈಯಿಂದ 600 ರೂಪಾಯಿ ಹಾಕಿ ಕಟ್ಟಿದ್ದರು. ಸಾಲದ್ದಕ್ಕೆ, ಹಾಳೆಯಲ್ಲಿ ಇದೆಯೆಂದು ಇಬ್ಬರಿಗೆ ಹತ್ತು ಹತ್ತು ರೂಪಾಯಿ ದಂಡ ಹಾಕಿದಾಗ, “ದಂಡ ಹಾಕುವ ಅಧಿಕಾರ ಸಭೆಗಿದೆ, ನಿನಗೆ ಯಾರು ಕೊಟ್ಟರು” ಎಂಬ ಪ್ರಶ್ನೆಯೂ ಎದ್ದಿತ್ತು.

ಆ ಅಧಿಕಾರ ಕೊಟ್ಟವನು ನಾನು, ಪೆನ್ನಿನ ಒಂದು ಗೀಟಿನಿಂದ.

ಕನ್ನಡದಲ್ಲಿ ‘ಕಟ್ಟುವುದು’ ಎಂಬ ರೂಪಕ್ಕೆ ಎರಡು ಕೆಲಸಗಳಿವೆ. ‘ಮನೆ ಕಟ್ಟುವುದು ಕಷ್ಟ’ ಎಂದಾಗ ಅದು ಕೆಲಸದ ಹೆಸರು. ಶಾಲೆಯ ವ್ಯಾಕರಣದಲ್ಲಿ ಕೃದಂತ ಭಾವನಾಮದ ಪಾಠದಲ್ಲಿ ಇಂಥವನ್ನು ಕಲಿತಿರುತ್ತೇವೆ. ಆದರೆ ಕಚೇರಿಯ ಕನ್ನಡದಲ್ಲಿ ಇದೇ ರೂಪ ಆಜ್ಞೆಯೂ ಆಗುತ್ತದೆ. ‘ಎಲ್ಲ ಸಿಬ್ಬಂದಿ ಬೆಳಗ್ಗೆ 10 ಗಂಟೆಗೆ ಹಾಜರಾಗುವುದು’ ಎಂಬ ಸುತ್ತೋಲೆಯಲ್ಲಿ ‘ಹಾಜರಾಗುವುದು’ ಎಂದರೆ ‘ಹಾಜರಾಗಬೇಕು’ ಎಂದೇ ಅರ್ಥ. ಹಾಳೆಯ ಒಂದನೆಯ ಸಾಲಿನ ‘ಸಂಗ್ರಹಿಸುವುದು’ ಕೆಲಸದ ಹೆಸರು, ಮಾಡುವವರು ಖಜಾಂಚಿ. ಮೂರನೆಯ ಸಾಲಿನ ‘ಕಟ್ಟುವುದು’ ಸದಸ್ಯರಿಗೆ ಕೊಟ್ಟ ಆಜ್ಞೆ. ಬರೆದವರ ಮನಸ್ಸಿನಲ್ಲಿ ‘ಸದಸ್ಯರು 5ನೇ ತಾರೀಖಿನೊಳಗೆ ಖಜಾಂಚಿಯ ಕೈಗೆ ಕಂತು ಕಟ್ಟಬೇಕು’ ಎಂದಿತ್ತು. ನಾನು ಅಕ್ಷರ ನೋಡಿದೆ. ಎರಡೂ ‘ವುದು’ ಎಂದು ಮುಗಿದಿದ್ದರಿಂದ, ಐದರಲ್ಲಿ ಸರಿಯಿದ್ದ ಸಾಲುಗಳು ಇವೆರಡೇ ಎಂದುಕೊಂಡು ಮುಂದೆ ಹೋದೆ. ನಿಜವಾಗಿ ಪಟ್ಟಿ ಮುರಿದಿದ್ದದ್ದು ಅಲ್ಲಿಯೇ.

ಈಗ ನಾನು ತಲೆಬರಹವನ್ನು ಬಾಲವಾಗಿ ತಿರುಗಿಸಿ ಪ್ರತಿ ಸಾಲಿಗೂ ಹಚ್ಚಿ, ಗಟ್ಟಿಯಾಗಿ ಓದುತ್ತೇನೆ. ಕನ್ನಡದಲ್ಲಿ ವಾಕ್ಯದ ತೂಕ ಕೊನೆಗೆ ಬೀಳುವುದರಿಂದ ಪರೀಕ್ಷೆಯೂ ಕೊನೆಯಿಂದಲೇ ನಡೆಯಬೇಕು. ಈ ಹಾಳೆಗೆ ಬಾಲ ‘ಖಜಾಂಚಿಯ ಹೊಣೆ’. ‘ಹಣ ಸಂಗ್ರಹಿಸುವುದು ಖಜಾಂಚಿಯ ಹೊಣೆ’, ಕೂಡುತ್ತದೆ. ‘ರಸೀದಿ ಪುಸ್ತಕದ ನಿರ್ವಹಣೆ ಖಜಾಂಚಿಯ ಹೊಣೆ’, ಇದೂ ಕೂಡುತ್ತದೆ! ಕೊನೆಯ ಅಕ್ಷರ ಬೇರೆಯಾದರೂ ‘ನಿರ್ವಹಣೆ’ಯೂ ‘ಸಂಗ್ರಹಿಸುವುದು’ ಕೂಡ ವಾಕ್ಯದಲ್ಲಿ ಒಂದೇ ಜಾಗದಲ್ಲಿ ಕೂಡ್ರುವ ಹೆಸರುಗಳು. ಅಲ್ಲಿದ್ದ ದೋಷ ಕಿವಿಗೆ ಮಾತ್ರ ಸಂಬಂಧಿಸಿದ್ದು, ತಿದ್ದದೇ ಬಿಟ್ಟಿದ್ದರೂ ಯಾರಿಗೂ ನಷ್ಟವಿರಲಿಲ್ಲ. ‘ನಮೂದು ಮಾಡಿಸಿ ಖಜಾಂಚಿಯ ಹೊಣೆ’, ಕೂಡುವುದಿಲ್ಲ, ರೂಪ ಬದಲಿಸಬೇಕು. ‘ವಿಧಿಸಲಾಗುತ್ತದೆ ಖಜಾಂಚಿಯ ಹೊಣೆ’, ಇದೂ ಕೂಡುವುದಿಲ್ಲ, ಆದರೆ ಇಲ್ಲಿ ರೂಪ ಬದಲಿಸುವ ಮೊದಲು ನಿಲ್ಲಬೇಕಾಗಿತ್ತು. ‘ವಿಧಿಸಲಾಗುತ್ತದೆ’ ಎಂಬಲ್ಲಿ ಯಾರು ವಿಧಿಸುತ್ತಾರೆ ಎಂಬುದೇ ಇಲ್ಲ. ಕರ್ಮಣಿ ಪ್ರಯೋಗದಲ್ಲಿ ಮಾಡುವವರು ಮರೆಯಾಗಿರುತ್ತಾರೆ. ಅದನ್ನು ‘ವಿಧಿಸುವುದು’ ಮಾಡಿದ ಕ್ಷಣ, ಮರೆಯಾಗಿದ್ದವರ ಜಾಗದಲ್ಲಿ ತಲೆಬರಹದಲ್ಲಿದ್ದ ಖಜಾಂಚಿ ಬಂದು ಕುಳಿತರು.

ಇನ್ನು ಮೂರನೆಯ ಸಾಲು. ‘ಸಾಲದ ಕಂತನ್ನು ಕಟ್ಟುವುದು ಖಜಾಂಚಿಯ ಹೊಣೆ’. ವ್ಯಾಕರಣದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ. ಆದರೆ ಗಟ್ಟಿಯಾಗಿ ಓದಿದ್ದರೆ, ಎದುರಿಗೆ ಕುಳಿತಿದ್ದ ಮೂವರಲ್ಲಿ ಒಬ್ಬರಾದರೂ “ಅಲ್ಲಲ್ಲ, ಕಟ್ಟುವವರು ನಾವು” ಎನ್ನುತ್ತಿದ್ದರು. ಆದ್ದರಿಂದಲೇ ಬಾಲ ಹಚ್ಚಿ ಓದುವಾಗ ಬರೆದವರು ಎದುರಿಗಿರಬೇಕು ಎಂದು ಹಟ ಹಿಡಿಯುತ್ತೇನೆ. ಸಾಲು ಕೂಡಿತೇ ಎಂದು ನನ್ನ ಕಿವಿ ಹೇಳುತ್ತದೆ, ಕೂಡಿದ್ದು ನಿಜವೇ ಎಂದು ಅವರೇ ಹೇಳಬೇಕು.

ಅಕ್ಷರ ನಂಬಿ ಮೋಸಹೋಗುವುದು ತಿರುಗುಮುರುಗಾಗಿಯೂ ನಡೆಯುತ್ತದೆ. ‘ಹುಬ್ಬಳ್ಳಿಗೂ ಧಾರವಾಡಕ್ಕೂ ಬಸ್ಸಿದೆ’ ಎಂಬಲ್ಲಿ ಒಂದಕ್ಕೆ ‘ಗೆ’, ಇನ್ನೊಂದಕ್ಕೆ ‘ಕ್ಕೆ’. ಕೇಳಲು ಬೇರೆ, ಆದರೆ ಎರಡೂ ಚತುರ್ಥಿಯೇ, ಪಟ್ಟಿ ಸರಿಯಾಗಿಯೇ ಇದೆ. ಹೊಸದಾಗಿ ಸೇರಿದ ಹುಡುಗನೊಬ್ಬ ಇಂಥದ್ದನ್ನು ತಿದ್ದಲು ಹೊರಟಿದ್ದ. ಪ್ರತ್ಯಯದ ವಿಷಯದಲ್ಲಿ ನಾನು ಅವನಿಗೆ ಹೇಳಿಕೊಟ್ಟದ್ದು ಇಷ್ಟು: ಎಲ್ಲ ಪದಗಳಿಗೂ ಹಚ್ಚು, ಇಲ್ಲವೇ ಕೊನೆಯ ಪದಕ್ಕೆ ಮಾತ್ರ ಹಚ್ಚು. ‘ಗದಗ, ಹಾವೇರಿ ಮತ್ತು ಧಾರವಾಡದಲ್ಲಿ’ ಸರಿ. ‘ಗದಗಿನಲ್ಲಿ, ಹಾವೇರಿಯಲ್ಲಿ ಮತ್ತು ಧಾರವಾಡದಲ್ಲಿ’ ಇದೂ ಸರಿ, ಸ್ವಲ್ಪ ಉದ್ದ ಅಷ್ಟೇ. ‘ಗದಗಿನಲ್ಲಿ, ಹಾವೇರಿ ಮತ್ತು ಧಾರವಾಡದಲ್ಲಿ’ ಎಂದರೆ ಹಾವೇರಿ ನಡುವೆ ಅನಾಥವಾಗಿ ನಿಲ್ಲುತ್ತದೆ. ಸಮುಚ್ಚಯದ ‘ಊ’ ಮಾತ್ರ ಇನ್ನೂ ಕಟ್ಟುನಿಟ್ಟು. ‘ಅಣ್ಣನೂ ತಮ್ಮನೂ ಬಂದರು’ ಎನ್ನಬೇಕು. ಅದನ್ನು ಕೊನೆಯ ಪದಕ್ಕೆ ಮಾತ್ರ ಹಚ್ಚಿ ‘ಅಣ್ಣ, ತಮ್ಮನೂ ಬಂದರು’ ಎಂದರೆ ‘ತಮ್ಮನು ಕೂಡ’ ಎಂಬ ಬೇರೆಯ ಅರ್ಥ ಬಂದುಬಿಡುತ್ತದೆ.

ಒಂದೇ ರೂಪಕ್ಕೆ ಎರಡು ಕೆಲಸವಿರುವ ಇನ್ನೊಂದು ಜಾಗ ‘ಇ’ಕಾರ. ಕೃಷಿ ಕರಪತ್ರಗಳಲ್ಲಿ ಇದು ಪದೇಪದೇ ಸಿಗುತ್ತದೆ. ‘ಬೀಜವನ್ನು ನೆನೆಸಿ’ ಎಂಬ ಸಾಲಿದೆ ಎಂದುಕೊಳ್ಳಿ. ‘ನೀವು ನೆನೆಸಿರಿ’ ಎಂಬ ಆಜ್ಞೆಯೇ, ‘ನೆನೆಸಿದ ಮೇಲೆ’ ಎಂಬ ಅರ್ಧ ಮಾತೇ? ‘ನೆನೆಸು’ ಧಾತುವಿಗೆ ಎರಡೂ ರೂಪ ಒಂದೇ ಆಗುವುದರಿಂದ ಕಣ್ಣಿಗೆ ತಿಳಿಯುವುದಿಲ್ಲ. ಆಗ ಆ ಜಾಗದಲ್ಲಿ ‘ಬಿಡು’ ಧಾತುವನ್ನು ಇಟ್ಟು ನೋಡುತ್ತೇನೆ. ಅಲ್ಲಿ ‘ಬಿಡಿ’ ಸೇರಿದರೆ ಆಜ್ಞೆ, ‘ಬಿಟ್ಟು’ ಸೇರಿದರೆ ಮುಂದಿನ ಸಾಲಿಗೆ ಜೋತುಬಿದ್ದ ಕೃದಂತಾವ್ಯಯ. ಒಂದು ಸಾಲು ‘ಬಿಡಿ’, ಇನ್ನೊಂದು ‘ಬಿಟ್ಟು’ ಎಂದರೆ ಪಟ್ಟಿಯಲ್ಲಿ ಹೆಜ್ಜೆಗಳನ್ನು ತಪ್ಪಾಗಿ ಕತ್ತರಿಸಿದ್ದಾರೆ ಎಂದೇ ಅರ್ಥ. ಜೋತುಬಿದ್ದ ಸಾಲನ್ನು ಮುಂದಿನ ಸಾಲಿನೊಂದಿಗೆ ಕೂಡಿಸಬೇಕು, ಇಲ್ಲವೇ ‘ನೆನೆಸಿರಿ’ ಎಂದು ಬಿಡಿಸಿ ಬರೆಯಬೇಕು.

“ಅರ್ಥವಾದರೆ ಸಾಕಲ್ಲವೇ, ಇಷ್ಟೆಲ್ಲ ಏಕೆ” ಎಂದು ಗೆಳೆಯರು ಕೇಳುತ್ತಾರೆ. ಸಂತೆಗೆ ಒಯ್ಯುವ ಚೀಟಿಯಲ್ಲಿ ‘ಜೋಳ, ಬೆಲ್ಲ, ಚಪ್ಪಲಿ ಹೊಲಿಸಬೇಕು’ ಎಂದಿದ್ದರೆ ನನ್ನ ತಕರಾರಿಲ್ಲ, ಬರೆದವರೂ ಓದುವವರೂ ಒಬ್ಬರೇ. ಆದರೆ ಹಣ, ಹೊಣೆ, ಔಷಧಿಯ ಅಳತೆ ಇರುವ ಪಟ್ಟಿಯನ್ನು, ಬರೆದವರು ಪಕ್ಕದಲ್ಲಿ ಇಲ್ಲದಾಗ ಬೇರೊಬ್ಬರು ಓದುತ್ತಾರೆ. ಅವರಿಗೆ ಸಿಗುವುದು ಸಾಲುಗಳ ರೂಪ ಮಾತ್ರ. ಇನ್ನೊಂದು ಮಾತನ್ನೂ ಖಚಿತವಾಗಿ ಹೇಳುತ್ತೇನೆ: ಒಂದು ಸಾಲು ಉಳಿದವುಗಳ ರೂಪಕ್ಕೆ ಬರಲು ಒಪ್ಪದಿದ್ದರೆ ಅದನ್ನು ಬಗ್ಗಿಸಲು ಹೋಗಬಾರದು. ಹೆಚ್ಚಿನ ಸಲ ಅದು ಆ ಪಟ್ಟಿಗೆ ಸೇರಿದ ಸಾಲೇ ಆಗಿರುವುದಿಲ್ಲ.

ಅಂದು ಆ ಅಕ್ಕನನ್ನು ಕೂಡ್ರಿಸಿ ಹಾಳೆಯನ್ನು ಹೊಸದಾಗಿ ಕಟ್ಟಿದೆವು. ಖಜಾಂಚಿಯ ಹೊಣೆಗಳ ಕೆಳಗೆ ಹಣ ಸಂಗ್ರಹಿಸುವುದು, ರಸೀದಿ ಪುಸ್ತಕ ನಿರ್ವಹಿಸುವುದು, ಪಾಸ್‌ಬುಕ್ಕಿನಲ್ಲಿ ನಮೂದು ಮಾಡಿಸುವುದು, ಈ ಮೂರೇ ಉಳಿದವು. ‘ಸದಸ್ಯರಿಗೆ ನಿಯಮಗಳು’ ಎಂಬ ಬೇರೆ ತಲೆಬರಹ ಮಾಡಿ, ಅಲ್ಲಿ ಎಲ್ಲ ಸಾಲುಗಳಿಗೂ ‘ಬೇಕು’ ಕೊಟ್ಟೆವು: ‘ಸದಸ್ಯರು ಸಾಲದ ಕಂತನ್ನು ಪ್ರತಿ ತಿಂಗಳ 5ನೇ ತಾರೀಖಿನೊಳಗೆ ಖಜಾಂಚಿಗೆ ಕೊಡಬೇಕು’, ‘ಕೊಟ್ಟ ಹಣಕ್ಕೆ ರಸೀದಿ ಪಡೆಯಬೇಕು’. ‘ಬೇಕು’ ಎಂಬುದಕ್ಕೆ ‘ವುದು’ವಿನ ಹಾಗೆ ಎರಡು ಮುಖಗಳಿಲ್ಲ. ದಂಡದ ಮಾತನ್ನು ಎರಡೂ ಪಟ್ಟಿಗಳಿಂದ ಹೊರತೆಗೆದು, ಕೆಳಗೆ ಒಂಟಿ ವಾಕ್ಯವಾಗಿ ಬರೆದೆವು: ‘ಕಂತು ತಡವಾದರೆ ಸಭೆಯು 10 ರೂಪಾಯಿ ದಂಡ ವಿಧಿಸುತ್ತದೆ.’

ನಾನು ಬಾಲ ಹಚ್ಚಿ ಒಂದೊಂದೇ ಸಾಲು ಓದಿದೆ. ಅಕ್ಕ ಕಣ್ಣು ಮುಚ್ಚಿ ಕೇಳುತ್ತಿದ್ದರು. ಎರಡನೆಯದು ಮುಗಿಯುತ್ತಲೇ ಕೈ ಎತ್ತಿದರು. “ತಮ್ಮಾ, ರಸೀದಿ ಪುಸ್ತಕ ಬರೆಯುವವಳು ನಾನಲ್ಲ, ಕಾರ್ಯದರ್ಶಿ. ನನ್ನ ಹತ್ತಿರ ಇರುವುದು ಕಪಾಟಿನ ಕೀಲಿ ಅಷ್ಟೇ.” ‘ನಿರ್ವಹಿಸುವುದು’ ಅಳಿಸಿ ‘ರಸೀದಿ ಪುಸ್ತಕವನ್ನು ಕಾಯ್ದಿಡುವುದು’ ಎಂದು ಬರೆದು, ಮತ್ತೆ ಮೊದಲಿನಿಂದ ಓದಿದೆ.