ಡೀಮನ್ ಅಂದ್ರೆ ಇಷ್ಟದ ಪ್ರಾಣಿ ಅಲ್ಲ

"ಫಿಲಿಪ್ ಪುಲ್ಮನ್ ಕಾದಂಬರಿಗಳಲ್ಲಿ ಪ್ರತಿಯೊಬ್ಬರೂ ತಮಗಿಷ್ಟದ ಪ್ರಾಣಿಯನ್ನು ಡೀಮನ್ ಆಗಿ ಆರಿಸಿಕೊಳ್ಳುತ್ತಾರೆ. ನಿಮ್ಮದು ಯಾವುದು?"

ಈ ಮೆಸೇಜನ್ನು ಮೊನ್ನೆ ನಾನೂ ಮುಂದೆ ಕಳಿಸಿದ್ದೆ. ತಪ್ಪು, ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ಅಲ್ಲಿ ಡೀಮನ್ ಅಂದರೆ ಸಾಕುಪ್ರಾಣಿಯಲ್ಲ, ಮನುಷ್ಯನ ಆತ್ಮವೇ ದೇಹದ ಹೊರಗೆ ಪ್ರಾಣಿಯಾಗಿ ಓಡಾಡುತ್ತಿರುತ್ತದೆ. ಮಕ್ಕಳ ಡೀಮನ್ ಕ್ಷಣಕ್ಕೊಂದು ರೂಪ ತಾಳುತ್ತದೆ, ಈಗ ಪತಂಗ, ಇನ್ನೊಂದು ಗಳಿಗೆಗೆ ಬೆಕ್ಕು. ದೊಡ್ಡವರಾಗುವ ಹೊತ್ತಿಗೆ ಒಂದೇ ರೂಪದಲ್ಲಿ ನಿಂತುಬಿಡುತ್ತದೆ. ಯಾವ ರೂಪ ಅನ್ನೋದು ಯಾರ ಕೈಯಲ್ಲೂ ಇಲ್ಲ.

'ಹಿಸ್ ಡಾರ್ಕ್ ಮೆಟೀರಿಯಲ್ಸ್' ಸರಣಿಯ 1995ರ ಮೊದಲ ಪುಸ್ತಕದಲ್ಲೇ ಒಬ್ಬ ನಾವಿಕ ಇದನ್ನು ಕಥಾನಾಯಕಿ ಲೈರಾಗೆ ಬಿಡಿಸಿ ಹೇಳುತ್ತಾನೆ. ಅವನ ಡೀಮನ್ ಕಡಲಕ್ಕಿ. ಸಿಂಹ ಬೇಕು ಅಂದುಕೊಂಡವರಿಗೆ ಪೂಡಲ್ ನಾಯಿ ಸಿಗುವುದೂ ಉಂಟಂತೆ! ಅವನಿಗೆ ಗೊತ್ತಿದ್ದ ಒಬ್ಬನ ಡೀಮನ್ ಡಾಲ್ಫಿನ್ ಆಗಿ ನಿಂತಿತು, ಡೀಮನ್‌ನಿಂದ ದೂರ ಹೋಗಲು ಆಗುವುದಿಲ್ಲವಲ್ಲ, ಪಾಪ ಅವನು ಸಾಯುವ ತನಕ ದಡಕ್ಕೇ ಇಳಿಯಲಿಲ್ಲ. ಆರಿಸಿಕೊಳ್ಳೋ ಹಾಗಿದ್ದರೆ ಯಾರಾದರೂ ಡಾಲ್ಫಿನ್ ಕೇಳುತ್ತಿದ್ದರಾ? ರೂಪ ನಿಂತಾಗಲೇ ತಾನು ಎಂಥವನು ಅಂತ ಗೊತ್ತಾಗೋದು, ಅದು ಇಷ್ಟವಾಗದೆಯೂ ಇರಬಹುದು. ಲೈರಾಳ ಡೀಮನ್ ಪ್ಯಾನ್ ಕೂಡ ಮೂರನೇ ಪುಸ್ತಕದ ಕೊನೆಯಲ್ಲಷ್ಟೇ ಪೈನ್ ಮಾರ್ಟನ್ ಆಗಿ ನಿಲ್ಲುತ್ತಾನೆ, ಅದು ನಮ್ಮ ನೀರುನಾಯಿಯ ದೂರದ ನೆಂಟ.

ಆ ಮೆಸೇಜ್ ಇನ್ನು ಮುಂದೆ ಕಳಿಸಬೇಡಿ, ನಾನು ಕಳಿಸಿದ್ದನ್ನೂ ಡಿಲೀಟ್ ಮಾಡಿ.