ಎಡ ನೋಡ್, ಬಲ ನೋಡ್

ದಾವಣಗೆರೆಯಲ್ಲಿ ಬಿಸಿಎ ಮಕ್ಕಳಿಗೆ ಡೇಟಾ ಸ್ಟ್ರಕ್ಚರ್ ಹೇಳಿಕೊಡುತ್ತೇನೆ. ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯಿಂದ ಬರುವ ಮಕ್ಕಳು ಜಾಸ್ತಿ. ಪಿಯುಸಿವರೆಗೆ ಕನ್ನಡದಲ್ಲೇ ಓದಿದವರು. ಅವರಿಗಾಗಿ ಕನ್ನಡದಲ್ಲಿ ನೋಟ್ಸ್ ಬರೆದು ಕೊಡುತ್ತೇನೆ. ಪರೀಕ್ಷೆ ಇಂಗ್ಲಿಷಿನಲ್ಲೇ, ಅದು ಗೊತ್ತಿದ್ದದ್ದೇ. ಆದರೆ ಅರ್ಥವಾಗುವುದು ಕನ್ನಡದಲ್ಲಿ.

ಹೋದ ತಿಂಗಳು ಟ್ರೀ ಪಾಠದ ಮೇಲೆ ಒಂದು ಸಣ್ಣ ಟೆಸ್ಟ್ ಕೊಟ್ಟೆ. 50, 30, 70, 20, 40 ಇವನ್ನು ಇದೇ ಸಾಲಿನಲ್ಲಿ ಒಂದೊಂದಾಗಿ ಬೈನರಿ ಸರ್ಚ್ ಟ್ರೀಗೆ ಸೇರಿಸಿ, ಇನ್‌ಆರ್ಡರ್‌ನಲ್ಲಿ ಬರೆಯಿರಿ ಅಂತ. ಈ ಟ್ರೀಯಲ್ಲಿ ಚಿಕ್ಕದು ಎಡಕ್ಕೆ, ದೊಡ್ಡದು ಬಲಕ್ಕೆ ಹೋಗಬೇಕು. ಚಿತ್ರ ಎಲ್ಲರದ್ದೂ ಸರಿ ಇತ್ತು. ಮೇಲೆ 50. ಅದರ ಎಡಕ್ಕೆ 30, ಬಲಕ್ಕೆ 70. 30ರ ಕೆಳಗೆ ಎಡಕ್ಕೆ 20, ಬಲಕ್ಕೆ 40. ಉತ್ತರ 20, 30, 40, 50, 70 ಬರಬೇಕು. ಆದರೆ ಎಷ್ಟೋ ಜನ 30, 50, 70 ಅಂತ ಬರೆದು, ಉಳಿದ 20 ಮತ್ತು 40ನ್ನು ಕೊನೆಗೆ ಅಂಟಿಸಿದ್ದರು.

ಒಬ್ಬ ಹುಡುಗನನ್ನು ಕರೆದು ಕೇಳಿದೆ. "ನೀವೇ ಬರೆದಿದೀರಲ್ಲ ಸಾರ್" ಅಂತ ನೋಟ್ಸ್ ತೆಗೆದು ತೋರಿಸಿದ. ನಾನು ಬರೆದಿದ್ದ ಸಾಲು ಇದು: "ಮೊದಲು ಎಡ ನೋಡ್, ಆಮೇಲೆ ರೂಟ್, ಆಮೇಲೆ ಬಲ ನೋಡ್."

"ಎಡಕ್ಕೆ ನೋಡಿದೆ, 30 ಇತ್ತು. ಬಲಕ್ಕೆ ನೋಡಿದೆ, 70 ಇತ್ತು."

ಮೊದಲು ನಗು ಬಂತು. ಟ್ರೀಯಲ್ಲಿ ನಂಬರ್ ಇಡುವ ಒಂದೊಂದು ಡಬ್ಬಿಗೂ ನೋಡ್ ಅನ್ನುತ್ತೇವೆ, ಎಲ್ಲಕ್ಕೂ ಮೇಲಿನದು ರೂಟ್. ಆದರೆ ನೋಡ್ ಅಂದರೆ ನಮ್ಮ ಕಡೆ ನೋಡು ಅಂತಲೇ ಅರ್ಥ, ಅಲ್ವಾ? "ರೂಟ್ ನೋಡ್" ಅಂದರೆ ಹರಿಹರದ ಬಸ್ಸಿನ ಬೋರ್ಡ್ ನೋಡು ಅಂದ ಹಾಗೆ ಕೇಳಿಸುತ್ತದೆ. ಸ್ಟಾಫ್ ರೂಮಿನಲ್ಲಿ ಎರಡು ದಿನ ಇದೇ ತಮಾಷೆ ನಡೆಯಿತು. ಕನ್ನಡ ವಿಭಾಗದ ಗೆಳೆಯರೊಬ್ಬರು ಸಿಕ್ಕಿದ್ದೇ ಚಾನ್ಸು ಅಂತ ಹಿಡಿದುಕೊಂಡರು. "ನೋಡ್ ಯಾಕ್ರೀ ಮೇಷ್ಟ್ರೇ, ಕಬ್ಬಿನಲ್ಲಿ ಗೆಣ್ಣು ಇಲ್ವಾ? ಗೆಣ್ಣು ಅಂತ ಬರೀರಿ." ಪದ ಚೆನ್ನಾಗಿದೆ. ಗಿಡದ ಪಾಠದಲ್ಲಿ ನೋಡ್ ಅಂದರೆ ಗೆಣ್ಣೇ.

ಮನೆಗೆ ಬಂದು ಕಂಪ್ಯೂಟರಿನಲ್ಲಿ ಫೈಲ್ ತೆರೆದು, ನೋಡ್ ಇದ್ದ ಕಡೆಯೆಲ್ಲ ಗೆಣ್ಣು ಅಂತ ಒಂದೇ ಏಟಿಗೆ ಬದಲಾಯಿಸಿದೆ. ಫೈಲ್ ಕೆಟ್ಟು ಕೆರ ಹಿಡಿಯಿತು. ಯೂನಿಕೋಡ್‌ನಲ್ಲಿ ನೋಡ್ ಅಂದರೆ ನ, ಓ ಸ್ವರಚಿಹ್ನೆ, ಡ, ಅದರ ಸ್ವರ ತೆಗೆಯುವ ವಿರಾಮ ಚಿಹ್ನೆ ಹೀಗೆ ನಾಲ್ಕು ಸಂಕೇತ. "ನೋಡ್ತೀವಿ" ಅನ್ನುವುದರ ಮೊದಲ ನಾಲ್ಕು ಸಂಕೇತವೂ ಇವೇ. ಹಾಗಾಗಿ "ಮುಂದೆ ನೋಡ್ತೀವಿ" ಅನ್ನುವುದು "ಮುಂದೆ ಗೆಣ್ಣುತೀವಿ" ಆಯಿತು. ಇನ್ನೊಂದು ಕಡೆ "ನೋಡನ್ನು ಸೇರಿಸಿ" ಅಂತ ಬರೆದಿದ್ದದ್ದು ಬದಲಾಗಲೇ ಇಲ್ಲ. ವಿಭಕ್ತಿ ಸೇರಿದಾಗ ಡ ಅಕ್ಷರದ ವಿರಾಮ ಬಿದ್ದುಹೋಗುತ್ತದಲ್ಲ! ಬದಲಾಗಬೇಕಾದದ್ದು ಉಳಿಯಿತು, ಉಳಿಯಬೇಕಾದದ್ದು ಬದಲಾಯಿತು.

ಆ ಫೈಲ್ ಬಿಸಾಕಿ ಹಳೆಯದನ್ನು ತೆಗೆದುಕೊಂಡು ಕೂತೆ. ಆಗ ಸಮಾಧಾನವಾಗಿ ಯೋಚಿಸಿದಾಗ ಹೊಳೆಯಿತು. ಹುಡುಗ ಎಡವಿದ್ದು ನೋಡ್ ಪದಕ್ಕೇ ಅಲ್ಲ. ಅದನ್ನು ಅವನು ಸರಿಯಾಗೇ ಓದಿದ್ದರೂ ಉತ್ತರ ತಪ್ಪಾಗುತ್ತಿತ್ತು. ಎಡಗಡೆಯ ನೋಡ್ ಅಂದರೆ 30 ಒಂದೇ. ಆದರೆ ಇನ್‌ಆರ್ಡರ್‌ನಲ್ಲಿ ಮೊದಲು ಮುಗಿಸಬೇಕಾದದ್ದು 30 ಒಂದನ್ನಲ್ಲ, 30ರ ಕೆಳಗೆ ನೇತಾಡುವ ಎಲ್ಲವನ್ನೂ ಸೇರಿಸಿ. ಇಂಗ್ಲಿಷ್ ಪುಸ್ತಕಗಳು ಅಲ್ಲಿ ಸಬ್‌ಟ್ರೀ ಅನ್ನುತ್ತವೆ. "ಲೆಫ್ಟ್ ಸಬ್‌ಟ್ರೀ" ಅಂತ ಕನ್ನಡದಲ್ಲಿ ಬರೆದರೆ ಉದ್ದ ಆಗುತ್ತೆ, ಒರಟಾಗುತ್ತೆ ಅಂತ ನಾನೇ ಸುಮ್ನೆ ನೋಡ್ ಅಂತ ಮೊಟಕು ಮಾಡಿದ್ದೆ. ತಪ್ಪು ನನ್ನದು.

ಈಗ ಅಲ್ಲಿ ಕವಲು ಅಂತ ಬರೆಯುತ್ತೇನೆ. ಎಡಗವಲು, ಬಲಗವಲು. ಕವಲು ಅಂದ ತಕ್ಷಣ ಅಲ್ಲಿಂದ ಮುಂದೆ ಹೋದದ್ದೆಲ್ಲ ಅದರಲ್ಲಿ ಸೇರಿತು. ದಾರಿ ಕವಲೊಡೆಯಿತು ಅಂದರೆ ಒಂದು ಹೆಜ್ಜೆ ಮಾತ್ರ ಅಂತ ಯಾರೂ ತಿಳಿಯುವುದಿಲ್ಲ. ಸೂತ್ರ ಹೀಗಾಯಿತು: ಎಡಗವಲು ಪೂರ್ತಿ ಮುಗಿಸು, ಇಲ್ಲಿಯ ನಂಬರ್ ಬರಿ, ಬಲಗವಲು ಪೂರ್ತಿ ಮುಗಿಸು. ಪಕ್ಕದಲ್ಲೇ ಕೋಡ್.

```c
void inorder(struct node *p) {
    if (p == NULL) return;
    inorder(p->left);
    printf("%d ", p->key);
    inorder(p->right);
}
```

50ರಲ್ಲಿ ನಿಂತಿದ್ದೀರಿ. ಎಡಗವಲಿನಲ್ಲಿ 30, 20, 40 ಇವೆ. ಅದು ಮುಗಿಯುವವರೆಗೂ 50 ಬರೆಯುವ ಹಾಗಿಲ್ಲ. 30ಕ್ಕೆ ಹೋದರೆ ಅಲ್ಲೂ ಅದೇ ನಿಯಮ, ಮೊದಲು ಅದರ ಎಡಗವಲು. ಅಲ್ಲಿರುವುದು 20 ಮಾತ್ರ. 20ರ ಎಡಗವಲು ಖಾಲಿ. ಹಾಗಾಗಿ 20 ಬರೆಯಿರಿ. ಅದರ ಬಲವೂ ಖಾಲಿ, ವಾಪಸ್ ಬಂದು 30 ಬರೆಯಿರಿ. 30ರ ಬಲಗವಲಿನಲ್ಲಿ 40. ಈಗ 50ರ ಎಡಗವಲು ಮುಗಿಯಿತು. 50, ಆಮೇಲೆ 70. ಸರ್ಚ್ ಟ್ರೀ ಆಗಿದ್ದರೆ ಈ ಸಾಲು ಚಿಕ್ಕದರಿಂದ ದೊಡ್ಡದಕ್ಕೆ ಏರುತ್ತಲೇ ಹೋಗಬೇಕು. ನಡುವೆ ಎಲ್ಲಾದರೂ ನಂಬರ್ ಇಳಿದರೆ ಅಲ್ಲೇ ತಪ್ಪಿದೆ ಅಂತ ಮಕ್ಕಳೇ ಕಂಡುಕೊಳ್ಳಬಹುದು. ಮತ್ತೆ ಕೊಟ್ಟ ಟೆಸ್ಟಿನಲ್ಲಿ 30ರಿಂದ ಶುರು ಮಾಡಿದವರು ಕಾಣಲಿಲ್ಲ.

ಅಲ್ಲಿಂದ ನನಗೆ ಒಂದು ಅಳತೆ ಸಿಕ್ಕಿತು. ಮೇಲಿನ ಕೋಡ್ ನೋಡಿ. ಅದರಲ್ಲಿ `node`, `left`, `NULL` ಇವೆ. ಮಕ್ಕಳು ದಿನಾ ಟೈಪ್ ಮಾಡುವ ಪದಗಳು. ಕಂಪೈಲರ್ ಬೈಯುವಾಗಲೂ ಇವೇ ಪರದೆ ಮೇಲೆ ಬರುತ್ತವೆ. ಇವಕ್ಕೆ ನೋಟ್ಸಿನಲ್ಲಿ ಬೇರೆ ಕನ್ನಡ ಪದ ಕೊಟ್ಟರೆ ಮಗು ಒಂದು ವಸ್ತುವಿಗೆ ಎರಡು ಹೆಸರು ಹೊರಬೇಕು. ಅದಕ್ಕೇ ಗೆಣ್ಣು ಬಿಟ್ಟು ನೋಡ್ ಉಳಿಸಿಕೊಂಡೆ. ಆದರೆ ಸಬ್‌ಟ್ರೀ ಅನ್ನುವುದು ಈ ಕೋಡ್‌ನಲ್ಲಿ ಎಲ್ಲೂ ಇಲ್ಲ. ಬರೀ `left` ಇದೆ. ಆ `left` ಅನ್ನುವ ಒಂದು ಪಾಯಿಂಟರ್ ಹಿಂದೆ ಇಡೀ ಕವಲು ಇದೆ ಅನ್ನುವುದು ತಲೆಯಲ್ಲಿ ಮೂಡಬೇಕಾದ ಚಿತ್ರ. ಚಿತ್ರ ಮೂಡಿಸಬೇಕಾದ ಪದವನ್ನು ಕನ್ನಡದ್ದೇ ಹುಡುಕುತ್ತೇನೆ. ಪರೀಕ್ಷೆಯಲ್ಲಿ ಬರುವ ಪದ ಒಂದು ಸಲ ಪಕ್ಕದಲ್ಲಿ ಹೇಳಿದರೆ ಸಾಕು.

`NULL` ಬಗ್ಗೆ ಒಂದು ಮಾತು. ಅದನ್ನು ಶೂನ್ಯ ಅಂತ ಬರೆದು ಕೈ ಸುಟ್ಟುಕೊಂಡಿದ್ದೇನೆ. ನಂಬರ್ 0 ಇರುವ ನೋಡ್ ಬೇರೆ, ನೋಡೇ ಇಲ್ಲದಿರುವುದು ಬೇರೆ.

ಹಾಗಂತ ಕನ್ನಡ ಪದ ಹಾಕಿದ ಕೂಡಲೇ ಚಿತ್ರ ಸರಿಯಾಗುತ್ತದೆ ಅಂತಲ್ಲ. ಟ್ರೀಗೆ ಮೊದಲು ಮರ ಅಂತ ಬರೆದಿದ್ದೆ. ಮರ ಅಂದಮೇಲೆ ಬೇರು ಕೆಳಗೆ ಇರಬೇಕು, ಇಲ್ಲಿ ಮೇಲಿದೆ. ಚನ್ನಗಿರಿ ಕಡೆಯ ಹುಡುಗಿಯೊಬ್ಬಳು, "ಸಾರ್, ನಮ್ಮ ತೋಟದಲ್ಲಿರೋದು ಅಡಿಕೆ ಮರ, ಅದಕ್ಕೆ ಕೊಂಬೆನೇ ಇಲ್ಲ" ಅಂದಳು. ಕ್ಲಾಸೆಲ್ಲ ನಕ್ಕಿತು. ಅವಳು ಹೇಳಿದ್ದು ನಿಜ ತಾನೇ? ಈಗ ವಂಶವೃಕ್ಷದಿಂದ ಶುರು ಮಾಡುತ್ತೇನೆ. ಪೌತಿ ಖಾತೆಗೆ ಅಂತ ಅದನ್ನು ಮಾಡಿಸದ ಮನೆ ನಮ್ಮ ಹಳ್ಳಿಗಳಲ್ಲಿ ಕಡಿಮೆ. ಅಜ್ಜ ಮೇಲೆ, ಮಕ್ಕಳು ಕೆಳಗೆ. ರೂಟ್ ಯಾಕೆ ಮೇಲಿದೆ ಅಂತ ಯಾರೂ ಕೇಳುವುದಿಲ್ಲ. ಒಂದೇ ತಾಯಿ ನೋಡ್‌ನ ಎರಡು ನೋಡ್‌ಗಳಿಗೆ ಅಣ್ಣ, ತಮ್ಮ ಅನ್ನುವ ಹಾಗಿಲ್ಲ, ಯಾರು ದೊಡ್ಡವರು ಅನ್ನುವ ಗೊಂದಲ ಬರುತ್ತದೆ. ಒಡಹುಟ್ಟು ಅನ್ನುತ್ತೇನೆ.

ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಡಿಲೀಟ್. ಅಳಿಸು ಅಂತ ಬರೆಯುವುದು ಸುಲಭ, ಎಲ್ಲರೂ ಬರೆಯುತ್ತಾರೆ. ಅದೇ ಟ್ರೀಯಿಂದ 30 ಅಳಿಸಿ ಅಂದರೆ ಮಕ್ಕಳು ರಬ್ಬರ್ ತೆಗೆದುಕೊಂಡು 30ರ ಡಬ್ಬಿಯನ್ನೇ ಅಳಿಸಿದರು. 20 ಮತ್ತು 40 ಗಾಳಿಯಲ್ಲಿ ನಿಂತವು. ನಿಜಕ್ಕೂ ಆಗುವುದೇ ಬೇರೆ. 30ಕ್ಕೆ ಎರಡೂ ಕಡೆ ಮಕ್ಕಳಿವೆ. ಹಾಗಾಗಿ ಅದರ ಬಲಗವಲಿನಲ್ಲಿ ಎಲ್ಲಕ್ಕಿಂತ ಚಿಕ್ಕದನ್ನು ಹುಡುಕಬೇಕು. ಇಲ್ಲಿ ಅದು 40. ನಾವು ಕಲಿಸುವ ಪದ್ಧತಿಯಲ್ಲಿ ಆ 40ನ್ನು 30 ಇದ್ದ ಡಬ್ಬಿಗೆ ನಕಲು ಮಾಡಿ, 40 ಇದ್ದ ಹಳೇ ಡಬ್ಬಿಯನ್ನು ತೆಗೆಯುತ್ತೇವೆ. ಅಂದರೆ ಹೋದ ನಂಬರ್ 30, ಹೋದ ನೋಡ್ 40 ಇದ್ದದ್ದು. "ಅಳಿಸು" ಅನ್ನುವ ಒಂದೇ ಪದ ಇವೆರಡನ್ನೂ ಕಲಸಿಬಿಡುತ್ತದೆ.

ಅಷ್ಟೇ ಅಲ್ಲ, ಕೊನೆಗೆ `free(p)` ಮಾಡಿದಾಗ ಅಲ್ಲಿರುವುದು ಅಳಿಸಿಹೋಗಬೇಕು ಅಂತ ಸಿ ಭಾಷೆಯಲ್ಲಿ ನಿಯಮವೇನೂ ಇಲ್ಲ. ಆ ಜಾಗ ಇನ್ನು ನಮ್ಮದಲ್ಲ, ಅಷ್ಟೇ. ಹಳೇ ನಂಬರ್ ಅಲ್ಲೇ ಬಿದ್ದಿರಬಹುದು. ಆದರೆ ನಾವು ಆಮೇಲೆ ಅದನ್ನು ಮುಟ್ಟಿದರೆ ಏನು ಬೇಕಾದರೂ ಆಗಬಹುದು. ಅಳಿಸು ಅಂತ ಓದಿದ ಮಗು, `free` ಆದಮೇಲೆ ಅಲ್ಲಿ 0 ಇರುತ್ತದೆ ಅಂತ ನಂಬುತ್ತದೆ. ಈಗ ಮೂರು ಮಾತು ಬೇರೆ ಬೇರೆ ಬರೆಯುತ್ತೇನೆ: ನಂಬರ್ ಮೇಲಕ್ಕೆ ನಕಲು ಮಾಡು, ನೋಡ್ ಕಳಚು, ಮೆಮೊರಿ ವಾಪಸ್ ಕೊಡು. ಡಿಲೀಟ್ ಅನ್ನುವುದು ಈ ಮೂರಕ್ಕೂ ಸೇರಿದ ತಲೆಬರಹ ಮಾತ್ರ.

ಇನ್ನು ಬರವಣಿಗೆಯ ವಿಷಯ. ಎರವಲು ಪದಕ್ಕೆ ವಿಭಕ್ತಿ ಹಚ್ಚುವಾಗ ಜೀರೋ ವಿಡ್ತ್ ನಾನ್ ಜಾಯಿನರ್ ಹಾಕುವುದನ್ನು ರೂಢಿ ಮಾಡಿಕೊಂಡೆ. `U+200C`, ಕಣ್ಣಿಗೆ ಕಾಣದ ಒಂದು ಸಂಕೇತ. ಅದಿಲ್ಲದಿದ್ದರೆ ನೋಡ್ಗೆ ಅಂತ ಗ ಅಕ್ಷರ ಕೆಳಗೆ ಒತ್ತಾಗಿ ಕೂರುತ್ತದೆ, ಮಕ್ಕಳು ತಡವರಿಸುತ್ತಾರೆ. ಹಾಕಿದರೆ ನೋಡ್‌ಗೆ. ನೋಡನ್ನು ಅನ್ನುವುದನ್ನೂ ನೋಡ್ ಅನ್ನು ಅಂತ ಬಿಡಿಸಿ ಬರೆಯುತ್ತೇನೆ. ಪಂಡಿತರಿಗೆ ಹಿಡಿಸಲಿಕ್ಕಿಲ್ಲ. ಹುಡುಕಿದರೆ ಸಿಗುತ್ತದೆ, ನನಗೆ ಅಷ್ಟು ಸಾಕು.

ಮುಂದಿನ ವಾರ ಎವಿಎಲ್ ಟ್ರೀ, ಎರಡೂ ಕವಲುಗಳ ಎತ್ತರ ಸಮತೂಕದಲ್ಲಿ ಇಟ್ಟುಕೊಳ್ಳುವ ಸರ್ಚ್ ಟ್ರೀ. ಅಲ್ಲಿ ರೊಟೇಷನ್ ಇದೆ, ಇನ್ನೂ ಪದ ಸಿಕ್ಕಿಲ್ಲ. ತಿರುಗಿಸು ಅಂದರೆ ಮಕ್ಕಳು ಹಾಳೆಯನ್ನೇ ತಿರುಗಿಸುತ್ತಾರೆ. ಅಲ್ಲಿ ಆಗುವುದು ಇಷ್ಟು: 50ರಲ್ಲಿ ಬಲಕ್ಕೆ ರೊಟೇಟ್ ಮಾಡಿದರೆ 30 ಮೇಲೇರುತ್ತದೆ, 50 ಅದರ ಬಲ ಮಗುವಾಗಿ ಇಳಿಯುತ್ತದೆ, 30ರ ಬಲಕ್ಕಿದ್ದ 40 ಈಗ 50ರ ಎಡಕ್ಕೆ ಹೋಗಿ ಸೇರುತ್ತದೆ. ಇನ್‌ಆರ್ಡರ್ ಬರೆದರೆ ಮೊದಲಿನದ್ದೇ ಸಾಲು. ಒಬ್ಬರು ಏರಿ, ಇನ್ನೊಬ್ಬರು ಇಳಿದು, ನಡುವಿನ ಮಗು ಮಡಿಲು ಬದಲಾಯಿಸುವುದಕ್ಕೆ ನಿಮ್ಮ ಕಡೆ ಏನಾದರೂ ಪದ ಇದ್ದರೆ ಹೇಳಿ. ಗುರುವಾರದೊಳಗೆ ಸಿಕ್ಕಿದರೆ ನೋಟ್ಸ್ ಜೆರಾಕ್ಸಿಗೆ ಕೊಡುವ ಮುಂಚೆ ಸೇರಿಸುತ್ತೇನೆ.