ಅಮ್ಮನ ಬೀರುವಿನ ಕಾಗದಗಳು

ಅಮ್ಮ ಹೋಗಿ ಹದಿನೆಂಟು ದಿನಕ್ಕೆ ಮಸ್ಕತ್‌ನಿಂದ ತಮ್ಮನಿಗೆ ಒಂದು ವಾಟ್ಸಾಪ್ ಮೆಸೇಜ್ ಹಾಕಿದೆ. "ಅಮ್ಮನ ಪ್ರಾಪರ್ಟಿ ಪೇಪರ್ ಎಲ್ಲಾ ಫೋಟೋ ತೆಗೆದು ಕಳಿಸು." ಅಷ್ಟೇ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಟೈಪ್ ಮಾಡಿದ್ದು.

ಉತ್ತರ ರಾತ್ರಿ ಬಂತು. "ತಿಂಗಳು ತುಂಬಿಲ್ಲ, ಆಗಲೇ ಆಸ್ತಿ ನೆನಪಾಯ್ತಾ?"

ಅವನ ತಪ್ಪಿಲ್ಲ. ಆಸ್ಪತ್ರೆಯ ರಾತ್ರಿಗಳನ್ನು ಕಳೆದವನು ಅವನು. ನಾನು ಮೂರನೇ ದಿನಕ್ಕೆ ಬಂದು ಹನ್ನೊಂದರ ಮಾರನೇ ದಿನ ವಿಮಾನ ಹತ್ತಿದವನು. ಎಲ್ಲಾ ಪೇಪರ್ ಅಂದರೆ ಯಾವುದು, ಯಾಕೆ ಅಂತ ನಾನು ಹೇಳಿರಲಿಲ್ಲ. ಅದಕ್ಕೇ ಎರಡನೇ ಸಲ ಕೂತು ಕಾಗದವನ್ನೇ ಬರೆದೆ, ಅಕ್ಕನಿಗೂ ತಮ್ಮನಿಗೂ ಸೇರಿಸಿ. ಅದರ ಸ್ವಲ್ಪ ಭಾಗ ಇಲ್ಲಿ ಹಾಕುತ್ತಿದ್ದೇನೆ, ನನ್ನ ಹಾಗೆ ಹೊರಗಿರುವ ಯಾರಿಗಾದರೂ ಉಪಯೋಗ ಆಗಬಹುದು.

"ಅಕ್ಕಾ, ಪುಟ್ಟಾ, ನಂಗೆ ಒರಿಜಿನಲ್ ಬೇಡ. ಅವು ಅಮ್ಮನ ಬೀರುವಿನಲ್ಲೇ ಇರಲಿ. ಪಹಣಿ, ಇ.ಸಿ. ನಾನೇ ಇಲ್ಲಿಂದ ಆನ್‌ಲೈನ್‌ನಲ್ಲಿ ತೆಗೀತೀನಿ, ಅದಕ್ಕೆ ಸರ್ವೆ ನಂಬರ್ ಸಾಕು. ನನ್ನಿಂದ ಆಗದೇ ಇರೋದು ಮೂರು. ತಾತ ಅಮ್ಮನ ಹೆಸರಿಗೆ ಮಾಡಿಕೊಟ್ಟ ದಾನಪತ್ರ, ಬ್ಯಾಂಕಿನ ಎಫ್‌ಡಿ ಕಾಗದ, ಮರಣ ಪತ್ರ. ಕೊನೇದು ಊರಿನ ಪಂಚಾಯ್ತಿಯಲ್ಲಿ ಸಿಗಲ್ಲ ಕಣೋ. ಅಮ್ಮ ತೀರಿಕೊಂಡಿದ್ದು ಮೈಸೂರಿನಲ್ಲಿ, ಸಾವು ಆದ ಜಾಗದಲ್ಲೇ ನೋಂದಣಿ. ಆಸ್ಪತ್ರೆಯವರು 21 ದಿನದೊಳಗೆ ವರದಿ ಕಳಿಸಿದ್ದಾರಾ ಅಂತ ಒಂದ್ಸಲ ಕೇಳು. ಹೆಸರಿನ ಅಕ್ಷರ ನೋಡಿಯೇ ತಗೋ."

ಈ ಅಕ್ಷರದ ವಿಷಯ ಸುಮ್ನೆ ಬರೆದದ್ದಲ್ಲ. ನಮ್ಮಮ್ಮನಿಗೆ ಎರಡು ಹೆಸರು. ದಾನಪತ್ರದಲ್ಲೂ ಪಹಣಿಯಲ್ಲೂ ತವರಿನ ಹೆಸರು, ಅದರ ಮುಂದೆ "ಕೋಂ" ಅಂತ ಅಪ್ಪನ ಹೆಸರು. ಆಧಾರ್‌ನಲ್ಲಿ ಮದುವೆ ದಿನ ಅತ್ತೆ ಮನೆಯವರು ಇಟ್ಟ ಹೆಸರು. ಆಸ್ಪತ್ರೆಯವರು ಆಧಾರ್ ನೋಡಿ ಬರೆಯುತ್ತಾರೆ. ತಾಲ್ಲೂಕು ಕಚೇರಿಯವರು ಪಹಣಿ ನೋಡಿ, ಈಯಮ್ಮ ಬೇರೆ, ಸತ್ತವರು ಬೇರೆ ಅನ್ನುತ್ತಾರೆ. ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ಮಾಡಿಸಬೇಕು, ಎರಡೂ ಹೆಸರಿರುವ ಯಾವುದಾದರೂ ಹಳೇ ದಾಖಲೆ ಹುಡುಕಬೇಕು. ಹೆಣ್ಣುಮಕ್ಕಳ ಹೆಸರು ಬದಲಿಸುವ ಈ ಪದ್ಧತಿಯ ಬಗ್ಗೆ ನನಗೆ ಮೊದಲೇ ಸಿಟ್ಟಿತ್ತು, ಈಗ ಜಾಸ್ತಿ ಆಗಿದೆ.

ಎಫ್‌ಡಿಗೆ ನಾಮಿನಿ ತಮ್ಮ. "ಅದು ನನ್ನ ಹೆಸರಿಗಿದೆ ಅಲ್ವಾ" ಅಂದ. ಬ್ಯಾಂಕ್ ದುಡ್ಡು ಕೊಡುವುದು ಅವನ ಕೈಗೇ, ನಿಜ. ಆದರೆ ನಾಮಿನಿ ಅಂದರೆ ವಾರಸುದಾರರ ಪರವಾಗಿ ತೆಗೆದುಕೊಳ್ಳುವವನು, ಮಾಲೀಕ ಅಲ್ಲ. ವಿಮೆ ಹಣದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1984ರಲ್ಲೇ ಇದನ್ನು ಹೇಳಿದೆ. ಉಯಿಲು ಇಲ್ಲದೆ ತೀರಿಕೊಂಡ ಹಿಂದೂ ಹೆಂಗಸಿನ ಆಸ್ತಿ ಮೊದಲು ಹೋಗುವುದು ಗಂಡ, ಮಕ್ಕಳಿಗೆ, 1956ರ ಕಾಯ್ದೆಯ ಪ್ರಕಾರ. ಅಪ್ಪ ಇಲ್ಲ. ಹಾಗಾಗಿ ಮೂವರಿಗೂ ಸಮ. ಇದನ್ನು ನಾನು ಕಾಗದದಲ್ಲಿ ಬರೆದೆ, ಜೊತೆಗೆ ಇನ್ನೊಂದು ಸಾಲು ಸೇರಿಸಿದೆ: "ಆಸ್ಪತ್ರೆ ಖರ್ಚು ನೀನು ಹಾಕಿದ್ದೀಯ. ಆ ಬಿಲ್ಲೂ ಕಳಿಸು, ಮೊದಲು ಅದನ್ನು ಎಫ್‌ಡಿಯಿಂದ ತಗೋ, ಉಳಿದದ್ದು ಆಮೇಲೆ." ಮೊದಲ ಮೆಸೇಜಿನಲ್ಲೇ ಇದನ್ನು ಬರೆಯಬೇಕಿತ್ತು.

ಅಕ್ಕ ಫೋನ್ ಮಾಡಿ, "ನಂಗೇನೂ ಬೇಡಪ್ಪ, ನೀವಿಬ್ಬರೇ ಮಾಡ್ಕೊಳ್ಳಿ" ಅಂದಳು. ತಮ್ಮನಿಗೆ ಯಾರೋ ಬ್ರೋಕರ್ ಆಗಲೇ ಹೇಳಿಕೊಟ್ಟಿದ್ದ, ವಂಶವೃಕ್ಷದಲ್ಲಿ ಅಕ್ಕನ ಹೆಸರು ಬಿಟ್ಟರೆ ಕೆಲಸ ಬೇಗ ಆಗುತ್ತೆ ಅಂತ. ಇಲ್ಲಿ ನಾನು ಹಟ ಹಿಡಿದೆ. ನಾಡಕಚೇರಿಗೆ ಕೊಡುವ ಅರ್ಜಿ, ಅಫಿಡವಿಟ್ ಎರಡರಲ್ಲೂ ಮೂವರ ಹೆಸರು ಇರಲೇಬೇಕು. ಒಬ್ಬರನ್ನು ಬಿಟ್ಟು ಕೊಟ್ಟದ್ದು ಸುಳ್ಳು ಪ್ರಮಾಣ. ನಾಳೆ ಅಕ್ಕನ ಮಕ್ಕಳು ಕೇಳಿದರೆ ಖಾತೆಯೇ ಅಲ್ಲಾಡುತ್ತೆ. ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆ ಮೂವರ ಹೆಸರಿಗೂ ಜಂಟಿಯಾಗಿ ಆಗಲಿ. ಆಮೇಲೂ ಅವಳಿಗೆ ಬೇಡ ಅನಿಸಿದರೆ ಹಕ್ಕು ಬಿಡುಗಡೆ ಪತ್ರ ರಿಜಿಸ್ಟರ್ ಮಾಡಲಿ. ಎಷ್ಟಿದೆ ಅಂತ ನೋಡದೆ ಬೇಡ ಅನ್ನುವುದು ಬೇಡ ಅಂತ ನಾನೇ ಅವಳಿಗೆ ಹೇಳಿದೆ.

ನನ್ನ ಕಡೆಯದ್ದೂ ಒಂದಿದೆ. ಪದೇ ಪದೇ ರಜೆ ಹಾಕಿ ಬರುವುದಕ್ಕಾಗಲ್ಲ, ಅದಕ್ಕೆ ನನ್ನ ಪರವಾಗಿ ಕೆಲಸ ಮಾಡುವ ಅಧಿಕಾರ ಪತ್ರ, ಅಂದರೆ ಜಿಪಿಎ, ತಮ್ಮನಿಗೆ ಕೊಡಬೇಕು. ಇಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಸಹಿ ಹಾಕಿ ದೃಢೀಕರಿಸಿ ಕಳಿಸಿದರೆ ಮುಗೀತು ಅಂದುಕೊಂಡಿದ್ದೆ. ಮುಗಿಯಲ್ಲ. ಅದು ಊರು ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಬೀರುವಿನಲ್ಲಿ ಭದ್ರವಾಗಿ ಇಟ್ಟು ಮರೆತರೆ ದಂಡ, ಓಡಾಟ. ಜಮೀನು ಮಾರುವ ಅಧಿಕಾರ ಅದರಲ್ಲಿ ಹಾಕಿಲ್ಲ, ಖಾತೆ ಮತ್ತು ಬ್ಯಾಂಕ್ ಕೆಲಸಕ್ಕೆ ಮಾತ್ರ. ಅದನ್ನೂ ಕಾಗದದಲ್ಲಿ ಬಿಡಿಸಿ ಬರೆದೆ, ಆಮೇಲೆ ಓದಿ ಬೇಜಾರಾಗೋದು ಬೇಡ ಅಂತ.

ನಾಲ್ಕು ದಿನ ಮಾತಿಲ್ಲ. ಐದನೇ ರಾತ್ರಿ ಹದಿನಾಲ್ಕು ಫೋಟೋ ಬಂದವು. ಅಮ್ಮ ಎಲ್ಲವನ್ನೂ ಸೀರೆ ಅಂಗಡಿಯ ಕವರ್‌ನಲ್ಲಿ ಸುತ್ತಿಟ್ಟಿದ್ದಳಂತೆ, ನಡುವೆ ನುಸಿಗುಳಿಗೆ. ದಾನಪತ್ರದ ಎರಡನೇ ಪುಟದಲ್ಲಿ ಸರಿಯಾಗಿ ಸರ್ವೆ ನಂಬರ್ ಮೇಲೇ ಅವನ ಹೆಬ್ಬೆರಳು ಕೂತಿದೆ. ಇನ್ನೊಂದ್ಸಲ ತೆಗಿ ಅಂತ ಮೆಸೇಜ್ ಹಾಕಿದ್ದೇನೆ. ಈ ಸಲ "ಊಟ ಆಯ್ತಾ" ಅಂತ ಮೊದಲು ಕೇಳಿ.